ಪ್ಯಾನಲ್ ಮೇಲಿನ ಅಕ್ಷರ, ಬಾಯಲ್ಲಿರುವ ಅಕ್ಷರ

ಕೊಳವೆಬಾವಿಯ ಪಂಪ್‌ಸೆಟ್‌ಗೆ ಹಾಕುವ ಕಂಟ್ರೋಲ್ ಪ್ಯಾನಲ್ ಜೊತೆ ಒಂದು ಇಂಗ್ಲಿಷ್ ಕೈಪಿಡಿ ಬರುತ್ತದೆ. ಅದನ್ನು ಕನ್ನಡಕ್ಕೆ ತರಲು ಕುಳಿತವರ ಮೊದಲ ಕರಡಿನಲ್ಲಿ ಹೆಚ್ಚುಕಡಿಮೆ ಇಂಥದೊಂದು ವಾಕ್ಯ ಇದ್ದೇ ಇರುತ್ತದೆ: "IP ಸೆಟ್‌ನ DOL ಸ್ಟಾರ್ಟರ್‌ನಲ್ಲಿ OLR ಟ್ರಿಪ್ ಆದರೆ SPP ನೋಡಿ, MCB ಆಫ್ ಮಾಡಿ, ಮೋಟಾರಿನ IR 1 MΩ ಗಿಂತ ಹೆಚ್ಚಿದೆಯೇ ಪರೀಕ್ಷಿಸಿ, ಆಮೇಲೆ RESET ಒತ್ತಿ." ಕ್ರಿಯಾಪದಗಳೆಲ್ಲ ಕನ್ನಡವೇ, ವ್ಯಾಕರಣದಲ್ಲೂ ತಪ್ಪಿಲ್ಲ. ಆದರೆ ಯಾವುದನ್ನು ನೋಡಬೇಕು, ಏನನ್ನು ಪರೀಕ್ಷಿಸಬೇಕು ಎಂಬುದೆಲ್ಲ ಆರು ಗುಂಪು ಇಂಗ್ಲಿಷ್ ಅಕ್ಷರಗಳೊಳಗೆ ಕುಳಿತಿದೆ. ತೋಟದ ಮನೆಯಲ್ಲಿ ಈ ಹಾಳೆ ತೆರೆಯುವ ರೈತನಿಗೆ ಕನ್ನಡ ಕೈಪಿಡಿ ಕೊಟ್ಟಿದ್ದೇವೆ ಎಂದು ಕಂಪನಿ ಹೇಳಿಕೊಳ್ಳಬಹುದು, ಅಷ್ಟೆ.

ಇಂಥ ಹ್ರಸ್ವರೂಪಗಳ ಮುಂದೆ ಅನುವಾದಕನಿಗೆ ಮೂರು ದಾರಿ. ಅಕ್ಷರಗಳನ್ನು ಇಂಗ್ಲಿಷಿನಲ್ಲೇ ಬಿಡುವುದು, ಎಂಸಿಬಿ ಎಂದು ಕನ್ನಡ ಲಿಪಿಗೆ ತರುವುದು, ಇಲ್ಲವೇ ಬಿಡಿಸಿ ಅರ್ಥ ಬರೆಯುವುದು. ಅನೇಕ ಕಚೇರಿಗಳಲ್ಲಿ ಇದಕ್ಕೆ ಒಂದೇ ನಿಯಮ: ಎಲ್ಲವನ್ನೂ ಇಂಗ್ಲಿಷಿನಲ್ಲಿ ಬಿಡಿ, ಅಥವಾ ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ. ಒಂದೇ ನಿಯಮ ಇದ್ದರೆ ಪರಿಶೀಲನೆ ಸುಲಭ ಎಂಬುದು ನಿಜ. ಆದರೆ ಮೇಲಿನ ವಾಕ್ಯದ ಆರು ಗುಂಪುಗಳನ್ನೇ ಒಂದೊಂದಾಗಿ ಕೈಗೆತ್ತಿಕೊಂಡರೆ, ಒಂದಕ್ಕೆ ಒಪ್ಪುವ ದಾರಿ ಪಕ್ಕದ್ದಕ್ಕೆ ಒಪ್ಪುವುದಿಲ್ಲ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಓದುಗನಿಗೆ ಈ ಅಕ್ಷರಗಳು ಎದುರಾಗುವುದು ಎಲ್ಲಿ? ಯಂತ್ರದ ಮೇಲೆ ಅಚ್ಚಾಗಿ ಕಣ್ಣಿಗೆ ಬೀಳುತ್ತವೆಯೋ, ದಿನನಿತ್ಯದ ಮಾತಿನಲ್ಲಿ ಕಿವಿಗೆ ಬೀಳುತ್ತವೆಯೋ, ಅಥವಾ ಈ ಕಾಗದ ಬಿಟ್ಟರೆ ಇನ್ನೆಲ್ಲೂ ಇಲ್ಲವೋ?

ಕಿವಿಗೆ ಬೀಳುವುದರಿಂದ ಶುರು ಮಾಡೋಣ, ಏಕೆಂದರೆ ಕರ್ನಾಟಕದ ಹಳ್ಳಿಗಳಲ್ಲಿ ವಿದ್ಯುತ್ತಿನ ಮಾತೆಲ್ಲ ನಡೆಯುವುದೇ ಹ್ರಸ್ವರೂಪಗಳಲ್ಲಿ. ಟ್ರಾನ್ಸ್‌ಫಾರ್ಮರ್ ಕೆಟ್ಟರೆ "ಟಿಸಿ ಸುಟ್ಟೋಗಿದೆ" ಎನ್ನುತ್ತಾರೆ. ಇದು ಟ್ರಾನ್ಸ್‌ಫಾರ್ಮರ್ ಸೆಂಟರ್ ಎಂಬುದರ ಮೊದಲ ಅಕ್ಷರಗಳು ಎಂದು ಹೇಳುವವನಿಗೆ ಅದು ಗೊತ್ತಿರಬೇಕಾಗಿಯೂ ಇಲ್ಲ. ಶಾಲೆಯ ಟಿಸಿ ಬೇರೆ, ರೈಲಿನ ಟಿಸಿ ಬೇರೆ, ಹೊಲದ ಬದಿಯ ಟಿಸಿ ಬೇರೆ ಎಂಬುದರಲ್ಲಿ ಯಾರಿಗೂ ಗೊಂದಲವಿಲ್ಲ. ಕರೆಂಟ್ ಬಿಲ್ ಕಟ್ಟಲು ಹೋದವರು ಆರ್‌ಆರ್ ನಂಬರ್ ಹೇಳುತ್ತಾರೆ. ಅದು ರೆವಿನ್ಯೂ ರಿಜಿಸ್ಟರ್ ಎಂದು ಬಿಡಿಸಿ, ಕಂದಾಯ ವಹಿ ಸಂಖ್ಯೆ ಎಂದು ಅನುವಾದಿಸಿ ಕೈಪಿಡಿಯಲ್ಲಿ ಬರೆದರೆ, ದಿನಾ ಬಳಸುವ ಮಾತನ್ನು ಗುರುತು ಸಿಗದಂತೆ ಮಾಡಿದ ಹಾಗೆ. ಇಂಥವಕ್ಕೆ ಬಿಡಿಸಿದ ರೂಪ ಬೇಡ, ಇಂಗ್ಲಿಷ್ ಅಕ್ಷರವೂ ಬೇಡ. ಕನ್ನಡ ಲಿಪಿಯಲ್ಲಿ ಟಿಸಿ ಎಂದು ಬರೆದು ಮುಂದೆ ಸಾಗಿದರೆ ಸಾಕು. ಇಂಗ್ಲಿಷ್ ಮೂಲದಲ್ಲಿ ಟಿಸಿ ಎಂದು ಇಲ್ಲದೆ ಡಿಸ್ಟ್ರಿಬ್ಯೂಷನ್ ಟ್ರಾನ್ಸ್‌ಫಾರ್ಮರ್‌ಗೆ ಡಿಟಿ ಎಂದೋ ಡಿಟಿಆರ್ ಎಂದೋ ಇದ್ದರೂ, ರೈತನಿಗಾಗಿ ಬರೆಯುವ ಕನ್ನಡದಲ್ಲಿ ನಾನು ಟಿಸಿ ಎಂದೇ ಬರೆಯುತ್ತೇನೆ. ಒಂದು ಹ್ರಸ್ವರೂಪಕ್ಕೆ ಇನ್ನೊಂದು ಹ್ರಸ್ವರೂಪವೇ ಸರಿಯಾದ ಅನುವಾದವಾಗುವ ಸಂದರ್ಭಗಳಿವೆ.

ಮಾತಿನಲ್ಲಿ ಕುಳಿತ ಅಕ್ಷರ ಎಷ್ಟು ಗಟ್ಟಿ ಎನ್ನುವುದಕ್ಕೆ ಕೆಇಬಿಗಿಂತ ಬೇರೆ ಸಾಕ್ಷಿ ಬೇಡ. ಕರ್ನಾಟಕ ವಿದ್ಯುತ್ ಮಂಡಳಿ 1999ರಲ್ಲಿ ನಿಗಮವಾಯಿತು, 2002ರಲ್ಲಿ ಸರಬರಾಜು ಕಂಪನಿಗಳು ಬೇರೆಯಾದವು. ಇಂದಿಗೂ ಲೈನ್‌ಮ್ಯಾನ್ ಬಂದರೆ "ಕೆಇಬಿಯವರು ಬಂದರು" ಎನ್ನುತ್ತಾರೆ. ಇನ್ನೊಂದು ಕಡೆ, ಪ್ರಸರಣ ನಿಗಮದ ಕನ್ನಡ ಪತ್ರಗಳಲ್ಲಿ ಕವಿಪ್ರನಿನಿ ಎಂಬ ಹ್ರಸ್ವರೂಪವಿದೆ. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ನಿಯಮಿತ ಎಂಬ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದ್ದು. ನಿಯಮದ ಪ್ರಕಾರ ಇದಕ್ಕಿಂತ ಕನ್ನಡದ್ದು ಇನ್ನೊಂದಿಲ್ಲ. ಮೊಹರಿನಲ್ಲಿ, ಟಿಪ್ಪಣಿಯಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ, ಏಕೆಂದರೆ ಅಲ್ಲಿ ಓದುವವರು ಬರೆಯುವವರು ಒಂದೇ ಕಚೇರಿಯವರು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕವಿಪ್ರನಿನಿ ಕಚೇರಿ ಎಲ್ಲಿ ಎಂದು ಕೇಳಿದರೆ ಮಾತ್ರ ಎದುರಿನವರು ಯಾರೋ ಕವಿಯ ಹೆಸರು ಕೇಳಿದಂತೆ ನೋಡಿಯಾರು. ಅನುವಾದಕ ತಾನೇ ಹೊಸದಾಗಿ ಕನ್ನಡ ಮೊದಲಕ್ಷರಗಳನ್ನು ಕಟ್ಟಲು ಹೊರಡುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು. ಮಿನಿಯೇಚರ್ ಸರ್ಕ್ಯೂಟ್ ಬ್ರೇಕರ್ ಅನ್ನು ಕಿರು ಮಂಡಲ ಛೇದಕ ಎಂದು ಮಾಡಿ, ಅದನ್ನು ಕಿಮಂಛೇ ಎಂದು ಕುಗ್ಗಿಸಿದರೆ ಅದು ಅಂಗಡಿಯಲ್ಲೂ ಸಿಗುವುದಿಲ್ಲ, ಪ್ಯಾನಲ್ ಮೇಲೂ ಕಾಣುವುದಿಲ್ಲ. ಎಂಸಿಬಿ ಈಗ ಕನ್ನಡದ ಮಾತೇ. "ಎಂಸಿಬಿ ಬಿದ್ದಿದೆ ನೋಡು" ಎಂದರೆ ಮನೆಯ ಮಕ್ಕಳಿಗೂ ಗೊತ್ತು.

ಇನ್ನು ವಾಕ್ಯದ ಮೊದಲ ಗುಂಪಿಗೆ ಬರೋಣ. ಐಪಿ ಸೆಟ್ ಎಂದರೆ ನೀರಾವರಿ ಪಂಪ್‌ಸೆಟ್. ಇದು ನಮ್ಮ ವಿದ್ಯುತ್ ಕಂಪನಿಗಳ ಭಾಷೆ, ರೈತರಿಗೂ ರೂಢಿ. ತೊಂದರೆ ಏನೆಂದರೆ ಅದೇ ಮೋಟಾರಿನ ನಾಮಫಲಕದ ಮೇಲೆ ಇನ್ನೊಂದು ಐಪಿ ಇರುತ್ತದೆ: IP68. ಅದು ಕವಚದೊಳಕ್ಕೆ ದೂಳು, ನೀರು ಎಷ್ಟರಮಟ್ಟಿಗೆ ಹೋಗುವುದಿಲ್ಲ ಎಂದು ಹೇಳುವ ಅಂತರರಾಷ್ಟ್ರೀಯ ಗುರುತು. ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. 6 ಎಂದರೆ ದೂಳು ಸ್ವಲ್ಪವೂ ಒಳಗೆ ಹೋಗದು, 8 ಎಂದರೆ ತಯಾರಕರು ಹೇಳಿದ ಷರತ್ತಿನಲ್ಲಿ ನೀರಿನಲ್ಲಿ ಮುಳುಗಿಯೇ ಇರಬಹುದು. ಗೋಡೆಯ ಮೇಲಿನ ಪ್ಯಾನಲ್ ಮೇಲೆ IP55 ಇದ್ದರೆ, ಒಳಗೆ ಹೊಕ್ಕ ಅಷ್ಟಿಷ್ಟು ದೂಳಿನಿಂದ ಕೆಲಸ ಕೆಡದು, ಯಾವ ದಿಕ್ಕಿನಿಂದ ಪೈಪಿನಲ್ಲಿ ನೀರು ಚಿಮ್ಮಿದರೂ ಹಾನಿಯಾಗದು ಎಂದರ್ಥ. ಹಾಗೆಂದು ಅದನ್ನು ನೀರಿನಲ್ಲಿ ಮುಳುಗಿಸುವಂತಿಲ್ಲ.

ಈ ಎರಡನೆಯ ಐಪಿಯನ್ನು ಬಿಡಿಸಲು ಹೋದ ಅನುವಾದಕ ಇನ್ನೊಂದು ತೊಡಕಿಗೆ ಸಿಕ್ಕಿಕೊಳ್ಳುತ್ತಾನೆ. ಹೆಚ್ಚಿನ ಕಂಪನಿಗಳ ಕಾಗದದಲ್ಲಿ ಇದನ್ನು ಇಂಗ್ರೆಸ್ ಪ್ರೊಟೆಕ್ಷನ್ ಎಂದು ಬಿಡಿಸಿರುತ್ತಾರೆ. ಈ ಗುರುತನ್ನು ನಿಗದಿಪಡಿಸಿದ ಐಇಸಿ 60529 ಮಾನಕದಲ್ಲಿರುವುದು ಇಂಟರ್‌ನ್ಯಾಷನಲ್ ಪ್ರೊಟೆಕ್ಷನ್. ಎರಡರಲ್ಲಿ ಯಾವುದನ್ನು ಕನ್ನಡಕ್ಕೆ ತಂದರೂ ಮೋಟಾರ್ ಕೊಳ್ಳುವವನಿಗೆ ಏನೂ ತಿಳಿಯುವುದಿಲ್ಲ. ಅವನಿಗೆ ಬೇಕಿರುವುದು ಅಕ್ಷರಗಳ ಮೂಲವಲ್ಲ, ಅಂಕಿಗಳ ಅರ್ಥ. ಹಾಗಾಗಿ ಇಲ್ಲಿ ನನ್ನ ತೀರ್ಮಾನ: ನಾಮಫಲಕದ IP68 ಅನ್ನು ಇಂಗ್ಲಿಷ್ ಅಕ್ಷರದಲ್ಲೇ, ಫಲಕದಲ್ಲಿದ್ದಂತೆಯೇ ಬಿಟ್ಟು, ಪಕ್ಕದಲ್ಲಿ ಅದು ಏನನ್ನು ತಾಳಿಕೊಳ್ಳುತ್ತದೆ ಎಂದು ಒಂದು ವಾಕ್ಯ ಬರೆಯುವುದು. ಐಪಿ ಸೆಟ್ ಎಂಬುದನ್ನು ಈ ಕೈಪಿಡಿಯಿಂದ ತೆಗೆದೇ ಹಾಕಿ ಎಲ್ಲ ಕಡೆ ಪಂಪ್‌ಸೆಟ್ ಎಂದು ಬರೆಯುವುದು. ಒಂದೇ ಪುಟದಲ್ಲಿ ಎರಡು ಐಪಿ ಇದ್ದರೆ ಒಂದು ಜಾಗ ಬಿಡಬೇಕು. ಫಲಕದ ಮೇಲೆ ಕೆತ್ತಿದ್ದನ್ನು ಅಳಿಸಲು ನಮಗೆ ಬರುವುದಿಲ್ಲವಾದ್ದರಿಂದ ಬಿಡಬೇಕಾದದ್ದು ಮಾತಿನದ್ದು.

ಎಸ್‌ಪಿಪಿ ವಿಷಯದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯವರೊಬ್ಬರು ನನ್ನ ಕರಡು ನೋಡಿ ನಕ್ಕರು. "ಸಾರ್, ಪ್ರಿವೆಂಟರ್ ಅಂತ ಬರೀರಿ. ಎಸ್‌ಪಿಪಿ ಅಂದ್ರೆ ನಮ್ ಹುಡುಗ್ರಿಗೇ ಗೊತ್ತಾಗಲ್ಲ" ಎಂದರು. ಮೂರು ಫೇಸ್‌ಗಳಲ್ಲಿ ಒಂದು ಇಲ್ಲವಾದರೆ ಮೋಟಾರ್ ಸುಡದಂತೆ ನಿಲ್ಲಿಸುವ ಈ ಪೆಟ್ಟಿಗೆಯ ಪೂರ್ತಿ ಹೆಸರು ಸಿಂಗಲ್ ಫೇಸಿಂಗ್ ಪ್ರಿವೆಂಟರ್. ಜನ ಆ ಹೆಸರಿನ ಕೊನೆಯ ಪದವನ್ನಷ್ಟೇ ಉಳಿಸಿಕೊಂಡಿದ್ದಾರೆ. ಪತ್ರಿಕೆ ಓದುವವರಿಗಂತೂ ಎಸ್‌ಪಿಪಿ ಎಂದರೆ ಕೋರ್ಟಿನ ವಿಶೇಷ ಸರ್ಕಾರಿ ಅಭಿಯೋಜಕರು. ಆದರೆ ಪ್ಯಾನಲ್ ಬಾಗಿಲಿನ ದೀಪದ ಕೆಳಗೆ ಅಚ್ಚಾಗಿರುವುದು SPP ಎಂದೇ. ಎರಡನ್ನೂ ಬಿಡುವಂತಿಲ್ಲ. "ಪ್ಯಾನಲ್ ಮೇಲೆ SPP ಎಂದು ಬರೆದಿರುವ ಪ್ರಿವೆಂಟರ್‌ನ ದೀಪ ನೋಡಿ" ಎಂದಾಗ ಕಣ್ಣಿಗೆ ಬೇಕಾದ್ದೂ ಸಿಕ್ಕಿತು, ಕಿವಿಗೆ ಬೇಕಾದ್ದೂ ಸಿಕ್ಕಿತು. ಓಎಲ್‌ಆರ್ ಎಂಬುದಕ್ಕೂ ಇದೇ ಉಪಾಯ. ಅದು ಬಾಯಲ್ಲಿ ಓವರ್‌ಲೋಡ್ ರಿಲೇ, ಹಾಗೆಯೇ ಬರೆದರೆ ಆಯಿತು. ಡಿಓಎಲ್ ಎಂಬುದನ್ನು ಈ ವಾಕ್ಯದಲ್ಲಿ ಬರೆಯುವ ಅಗತ್ಯವೇ ಇರಲಿಲ್ಲ, ಏಕೆಂದರೆ ಆ ಪ್ಯಾನಲ್‌ನಲ್ಲಿ ಇರುವುದೇ ಒಂದು ಸ್ಟಾರ್ಟರ್. ಇಂಗ್ಲಿಷ್ ತಾಂತ್ರಿಕ ಬರಹಕ್ಕೆ ವಸ್ತುವಿನ ಜಾತಿಯನ್ನು ಪ್ರತಿಸಲ ಹೇಳುವ ಚಾಳಿ ಇದೆ. ಬಿಡಿಸುವುದೋ ಉಳಿಸುವುದೋ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಅದು ಇಲ್ಲಿ ಬೇಕೇ ಎಂದು ಕೇಳಬೇಕು.

ಬಿಡಿಸುವುದೇ ಅಪಾಯವಾಗುವ ಒಂದು ಜೋಡಿ ಇದೆ, ಇದರ ಬಗ್ಗೆ ತುಸು ನಿಧಾನವಾಗಿ ಹೇಳಬೇಕು. ಸ್ವಿಚ್, ರಿಲೇ, ಕಾಂಟ್ಯಾಕ್ಟರ್‌ಗಳ ಸಂಪರ್ಕಬಿಂದುಗಳ ಮೇಲೆ NO ಮತ್ತು NC ಎಂದು ಅಚ್ಚಾಗಿರುತ್ತದೆ. ನಾರ್ಮಲಿ ಓಪನ್, ನಾರ್ಮಲಿ ಕ್ಲೋಸ್ಡ್. ವಿಷಯ ಗೊತ್ತಿಲ್ಲದವರು NO ಎಂಬುದನ್ನು ಸಂಖ್ಯೆ ಎಂದೋ ಇಲ್ಲ ಎಂದೋ ಅನುವಾದಿಸಿದರೆ ಅದು ಎದ್ದು ಕಾಣುವ ತಪ್ಪು, ಯಾರಾದರೂ ಹಿಡಿಯುತ್ತಾರೆ. ವಿಷಯ ಅರ್ಧ ಗೊತ್ತಿದ್ದವರು "ಸಾಮಾನ್ಯವಾಗಿ ತೆರೆದಿರುವ", "ಸಾಮಾನ್ಯವಾಗಿ ಮುಚ್ಚಿರುವ" ಎಂದು ಬಿಡಿಸುತ್ತಾರೆ. ಇದು ಸರಿಯಾಗಿ ಕಾಣುತ್ತದೆ, ಆದ್ದರಿಂದಲೇ ಉಳಿದುಬಿಡುತ್ತದೆ. ಆದರೆ ಇದರಲ್ಲಿ ಎರಡು ಕಡೆ ಅರ್ಥ ಜಾರಿದೆ.

ಮೊದಲನೆಯದು "ಸಾಮಾನ್ಯವಾಗಿ". ಕನ್ನಡದಲ್ಲಿ ಈ ಮಾತಿಗೆ ಹೆಚ್ಚಿನ ಹೊತ್ತು, ಬಹುತೇಕ ಎಂದರ್ಥ. ಇಲ್ಲಿ ಉದ್ದೇಶಿಸಿರುವುದು ಅದಲ್ಲ. ಗುಂಡಿಯನ್ನು ಯಾರೂ ಒತ್ತದೆ ಇದ್ದಾಗ, ರಿಲೇಯ ಕಾಯಿಲ್‌ಗೆ ಕರೆಂಟ್ ಹೋಗದೆ ಇದ್ದಾಗ ಇರುವ ಸ್ಥಿತಿಯೇ ಇಲ್ಲಿನ ನಾರ್ಮಲ್. ಪ್ರಿವೆಂಟರ್‌ನೊಳಗಿನ ರಿಲೇಯನ್ನೇ ನೋಡಿ. ಮೂರೂ ಫೇಸ್ ಸರಿಯಿರುವಷ್ಟು ಹೊತ್ತೂ ಅದರ ಕಾಯಿಲ್‌ಗೆ ಕರೆಂಟ್ ಇರುತ್ತದೆ. ಹಾಗಾಗಿ ಅದರ NO ಬಿಂದುಗಳು ಆ ಹೊತ್ತೆಲ್ಲ ಕೂಡಿಕೊಂಡೇ ಇರುತ್ತವೆ, ಫೇಸ್ ಹೋದಾಗ ಮಾತ್ರ ಬಿಡುತ್ತವೆ. "ಸಾಮಾನ್ಯವಾಗಿ ತೆರೆದಿರುವ" ಎಂದು ಓದಿಕೊಂಡ ಹೊಸ ಹುಡುಗ ಮೋಟಾರ್ ಓಡುವಾಗ ಅವು ಕೂಡಿರುವುದನ್ನು ಕಂಡರೆ ರಿಲೇ ಕೆಟ್ಟಿದೆ ಎಂದೇ ತಿಳಿಯುತ್ತಾನೆ.

ಎರಡನೆಯದು ತೆರೆಯುವುದು, ಮುಚ್ಚುವುದು. ನಲ್ಲಿ ಮುಚ್ಚಿದರೆ ನೀರು ನಿಲ್ಲುತ್ತದೆ ಎಂಬುದು ಎಲ್ಲರ ಅನುಭವ. ವಿದ್ಯುತ್ ಸಂಪರ್ಕ ಮುಚ್ಚಿದರೆ ಕರೆಂಟ್ ಹರಿಯಲು ಶುರುವಾಗುತ್ತದೆ. ಒಂದು ಪಂಪ್‌ಮನೆಯಲ್ಲಿ ಎರಡೂ ಪಕ್ಕಪಕ್ಕದಲ್ಲಿರುವುದು ಸಾಮಾನ್ಯ. ಸ್ಟಾರ್ಟರ್‌ನ ಸ್ಟಾಪ್ ಗುಂಡಿಗೆ NC ಬಿಂದುಗಳನ್ನು ಬಳಸುತ್ತಾರೆ. ಒತ್ತದೆ ಇದ್ದಾಗ ಅದರ ಮೂಲಕ ಕರೆಂಟ್ ಹರಿಯುತ್ತಿರುತ್ತದೆ, ಒತ್ತಿದರೆ ಕಡಿಯುತ್ತದೆ. ಆ ಗುಂಡಿಯ ತಂತಿಯನ್ನು ಇಲಿ ಕಡಿದರೂ ಮೋಟಾರ್ ನಿಲ್ಲುತ್ತದೆಯೇ ಹೊರತು ನಿಲ್ಲಿಸಲಾಗದ ಸ್ಥಿತಿ ಬರುವುದಿಲ್ಲ, NC ಆರಿಸುವುದೇ ಅದಕ್ಕೆ. ಅಲ್ಲೇ ಹನಿ ನೀರಾವರಿಯ ಪೈಪಿಗೆ ಹಾಕಿದ ಸೊಲೆನಾಯ್ಡ್ ವಾಲ್ವ್ ಮೇಲೂ NC ಎಂದಿರುತ್ತದೆ. ಕರೆಂಟ್ ಇಲ್ಲದಾಗ ಅದರಲ್ಲಿ ನೀರು ಹರಿಯುವುದಿಲ್ಲ. ಎರಡು ಅಕ್ಷರ ಅವೇ, ಬಿಡಿಸಿದ ಇಂಗ್ಲಿಷೂ ಅದೇ, ಫಲ ಮಾತ್ರ ತದ್ವಿರುದ್ಧ: ಒಂದರಲ್ಲಿ ಹರಿಯುತ್ತದೆ, ಇನ್ನೊಂದರಲ್ಲಿ ನಿಲ್ಲುತ್ತದೆ. ಎರಡಕ್ಕೂ "ಸಾಮಾನ್ಯವಾಗಿ ಮುಚ್ಚಿರುವ" ಎಂದು ಬರೆದ ಕೈಪಿಡಿ ಓದಿದವನು ಎರಡರಲ್ಲಿ ಒಂದು ಕಡೆ ಎಡವುತ್ತಾನೆ.

ಹಾಗಾಗಿ ಅಕ್ಷರಗಳನ್ನು ಫಲಕದಲ್ಲಿದ್ದಂತೆ NC ಎಂದೇ ಬಿಟ್ಟು, ಆಯಾ ಜಾಗಕ್ಕೆ ಆಯಾ ಅರ್ಥ ಬರೆಯುವುದು ಕ್ಷೇಮ. ಗುಂಡಿಗೆ "ಒತ್ತದಿದ್ದಾಗ ಕೂಡಿರುವ ಬಿಂದುಗಳು". ರಿಲೇಗೆ "ಕಾಯಿಲ್‌ಗೆ ಕರೆಂಟ್ ಇಲ್ಲದಾಗ ಕೂಡಿರುವ ಬಿಂದುಗಳು". ವಾಲ್ವ್‌ಗೆ "ಕರೆಂಟ್ ಇಲ್ಲದಾಗ ನೀರು ಬಿಡದ ವಾಲ್ವ್". ಒಂದು ಹ್ರಸ್ವರೂಪಕ್ಕೆ ಕೈಪಿಡಿಯಲ್ಲೆಲ್ಲ ಒಂದೇ ಅನುವಾದ ಇರಬೇಕು ಎನ್ನುವ ಪರಿಶೀಲಕರು ಇದನ್ನು ಅಸಂಗತ ಎಂದು ಗುರುತು ಹಾಕಿ ವಾಪಸು ಕಳಿಸುತ್ತಾರೆ. ಆಗ ಜಗಳವಾಡುವುದು ಅನುವಾದಕನ ಕೆಲಸದ ಭಾಗವೇ. ಓವರ್‌ಲೋಡ್ ರಿಲೇಯಲ್ಲಿ ಇನ್ನೂ ಒಂದು ಆಧಾರವಿದೆ: NC ಬಿಂದುಗಳಿಗೆ 95, 96 ಎಂದೂ NO ಬಿಂದುಗಳಿಗೆ 97, 98 ಎಂದೂ ಅಂಕಿಗಳಿರುತ್ತವೆ. ಅಂಕಿಗೆ ಅನುವಾದ ಬೇಕಿಲ್ಲ. ತಂತಿ ಜೋಡಿಸುವ ಸೂಚನೆಯಲ್ಲಿ ಅಕ್ಷರದ ಜೊತೆ ಅಂಕಿಯನ್ನೂ ಬರೆದರೆ, ಅಕ್ಷರ ತಪ್ಪಾಗಿ ಓದಿದವನಿಗೂ ದಾರಿ ತಪ್ಪದು.

ಈಗ ಉಳಿದದ್ದು IR ಮತ್ತು ಅದರ ಪಕ್ಕದ 1 MΩ. ಐಆರ್ ಎಂದರೆ ಇಲ್ಲಿ ಇನ್ಸುಲೇಷನ್ ರೆಸಿಸ್ಟೆನ್ಸ್, ಅಂದರೆ ಮೋಟಾರಿನ ಸುರುಳಿ ತಂತಿಗೂ ಅದರ ಮೈಗೂ ನಡುವಿನ ನಿರೋಧ. ಇದು ಕುಸಿದರೆ ಕರೆಂಟ್ ಮೈಗೆ ಸೋರುತ್ತದೆ. ಬೇರೆ ಕಾಗದಗಳಲ್ಲಿ ಐಆರ್ ಎಂದರೆ ಇನ್‌ಫ್ರಾರೆಡ್, ಅಂದರೆ ಬಿಸಿಯಾದ ಜೋಡಣೆಗಳನ್ನು ಹುಡುಕುವ ಕ್ಯಾಮೆರಾ ಪರೀಕ್ಷೆ. ಸುತ್ತಲಿನ ಮಾತು ನೋಡಿ ಬಿಡಿಸಬೇಕು. ಪಕ್ಕದಲ್ಲಿ ಓಮ್ ಇದ್ದರೆ ಮೊದಲನೆಯದು, ಡಿಗ್ರಿ ಇದ್ದರೆ ಎರಡನೆಯದು. ಆದರೆ ಈ ಅಕ್ಷರ ಬಿಡಿಸುವಾಗ ಬೇರೊಂದು ಸಂಗತಿ ಹೊರಬಿತ್ತು: ಈ ಪರೀಕ್ಷೆ ರೈತ ಮಾಡುವುದಲ್ಲ. ಮೋಟಾರ್ ಕೇಬಲ್‌ನ ತುದಿಗಳನ್ನು ಸ್ಟಾರ್ಟರ್‌ನಿಂದ ಬಿಚ್ಚಿ ಮೆಗ್ಗರ್ ಹಾಕಿ ನೋಡಬೇಕು. ಬಿಚ್ಚದೆ 500 ವೋಲ್ಟ್ ಹಾಯಿಸಿದರೆ ಪ್ಯಾನಲ್‌ನ ಎಲೆಕ್ಟ್ರಾನಿಕ್ ಭಾಗಗಳು ಕೆಡಬಹುದು. ಮೂಲ ವಾಕ್ಯ ಇಬ್ಬರಿಗೆ ಹೇಳಬೇಕಾದದ್ದನ್ನು ಒಂದೇ ಉಸಿರಿನಲ್ಲಿ ಹೇಳಿತ್ತು, ಹ್ರಸ್ವರೂಪಗಳು ಅದನ್ನು ಮುಚ್ಚಿಟ್ಟಿದ್ದವು. ಕನ್ನಡದಲ್ಲಿ ಅದು ಎರಡಾಯಿತು. ಬಳಸುವವರಿಗೆ: "ಮೋಟಾರ್ ತಾನಾಗಿ ನಿಂತಿದ್ದರೆ, ಪ್ಯಾನಲ್ ಮೇಲೆ SPP ಎಂದು ಬರೆದಿರುವ ಪ್ರಿವೆಂಟರ್‌ನ ದೀಪ ನೋಡಿ. ಫೇಸ್ ಇಲ್ಲವೆಂದು ತೋರಿಸುತ್ತಿದ್ದರೆ ಮೂರೂ ಫೇಸ್ ಬರುವವರೆಗೆ ಮೋಟಾರ್ ಚಾಲೂ ಮಾಡಬೇಡಿ. ಮೂರೂ ಫೇಸ್ ಇದ್ದು ಓವರ್‌ಲೋಡ್ ರಿಲೇ ಬಿದ್ದಿದ್ದರೆ, ಎಂಸಿಬಿಯನ್ನು ಆಫ್ ಮಾಡಿ ಮೆಕ್ಯಾನಿಕ್‌ಗೆ ಹೇಳಿ." ಮೆಕ್ಯಾನಿಕ್‌ಗೆ: "ಮೋಟಾರ್ ಕೇಬಲ್ ಬಿಚ್ಚಿ 500 V ಮೆಗ್ಗರ್‌ನಲ್ಲಿ ಇನ್ಸುಲೇಷನ್ ನೋಡಿ. 1 MΩ ಗಿಂತ ಹೆಚ್ಚಿದ್ದರೆ ಮಾತ್ರ ಕೇಬಲ್ ಜೋಡಿಸಿ RESET ಒತ್ತಿ."

MΩ ಎಂಬುದನ್ನು ಮಾತ್ರ ನಾನು ಮುಟ್ಟಲಿಲ್ಲ. ಅಳತೆಯ ಗುರುತುಗಳು ಹ್ರಸ್ವರೂಪಗಳಂತೆ ಕಾಣುತ್ತವೆ, ಆದರೆ ಅಲ್ಲ. ಅಂತರರಾಷ್ಟ್ರೀಯ ಮಾನ ಪದ್ಧತಿಯ ಅಧಿಕೃತ ಕೈಪಿಡಿ ಅವನ್ನು ಗಣಿತದ ಚಿಹ್ನೆಗಳೆಂದೇ ಕರೆಯುತ್ತದೆ. ಕನ್ನಡಕ್ಕೆ ಸಂಬಂಧಿಸಿದಂತೆ ಒಂದು ನೇರ ಕಾರಣವೂ ಇದೆ: ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದ ಇಲ್ಲ. ದೊಡ್ಡ M ಎಂದರೆ ಮೆಗಾ, ಹತ್ತು ಲಕ್ಷ ಪಟ್ಟು. ಚಿಕ್ಕ m ಎಂದರೆ ಮಿಲಿ, ಸಾವಿರದಲ್ಲಿ ಒಂದು ಪಾಲು. ಎರಡನ್ನೂ ಲಿಪ್ಯಂತರ ಮಾಡಿದರೆ ಬರುವುದು "ಎಂ" ಒಂದೇ. MΩ ಮತ್ತು mΩ ನಡುವಿನ ಅಂತರ ನೂರು ಕೋಟಿ ಪಟ್ಟು, ಆ ಅಂತರವನ್ನು "ಎಂ ಓಮ್" ಪೂರ್ತಿ ನುಂಗಿಹಾಕುತ್ತದೆ. ಕನ್ನಡದಲ್ಲೇ ಬರೆಯಬೇಕೆಂದಿದ್ದರೆ ಮೆಗಾ ಓಮ್ ಎಂದು ಪೂರ್ತಿ ಬರೆಯಬೇಕು, ಅರ್ಧಂಬರ್ಧ ಲಿಪ್ಯಂತರ ಕೂಡದು. ಕಿ.ಮೀ., ಕೆ.ಜಿ. ಎಂದು ಪತ್ರಿಕೆಗಳು ಬರೆಯುತ್ತವಲ್ಲ ಎಂದು ಯಾರಾದರೂ ಕೇಳಬಹುದು. ಅವು ದಿನಬಳಕೆಯ ಮಾತು, ಅಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಮೀಟರಿನ ಮುಖದ ಮೇಲಿನ ಗುರುತಿಗೂ ಹಾಳೆಯ ಮೇಲಿನ ಗುರುತಿಗೂ ಕಣ್ಣು ಓಡಿಸಿ ತಾಳೆ ನೋಡಬೇಕಾದಲ್ಲಿ ಎರಡೂ ಒಂದೇ ಆಗಿರಬೇಕು.

ಕನ್ನಡ ಲಿಪಿಗೆ ತರುವುದೆಂದು ತೀರ್ಮಾನಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಮೊದಲು ಉಚ್ಚಾರ ಕೇಳಿಕೊಳ್ಳಬೇಕು. ಪಿಎಲ್‌ಸಿಯನ್ನು ಅಕ್ಷರ ಅಕ್ಷರವಾಗಿ ಹೇಳುತ್ತಾರೆ, ಸ್ಕಾಡಾವನ್ನು ಒಂದು ಪದವಾಗಿ ಹೇಳುತ್ತಾರೆ. ಅದನ್ನು ಎಸ್‌ಸಿಎಡಿಎ ಎಂದು ಬರೆದವರು ಕಂಟ್ರೋಲ್ ರೂಮಿನ ಮಾತು ಕೇಳಿಲ್ಲವೆಂದು ಗೊತ್ತಾಗುತ್ತದೆ. ಆಮೇಲೆ ಎಚ್‌ಪಿಯೋ ಹೆಚ್‌ಪಿಯೋ, ಡಿಒಎಲ್ಲೋ ಡಿಓಎಲ್ಲೋ ಎಂಬ ಹಳೆಯ ಜಗಳ. ಇದರಲ್ಲಿ ಯಾವುದು ಸರಿ ಎನ್ನುವುದಕ್ಕಿಂತ ಒಂದು ಕೈಪಿಡಿಯಲ್ಲಿ ಒಂದೇ ಇರಲಿ ಎನ್ನುವುದು ಮುಖ್ಯ. ಕನ್ನಡ ಲಿಪಿಯಿಂದ ಸಿಗುವ ದೊಡ್ಡ ಲಾಭವೆಂದರೆ ವಿಭಕ್ತಿ ಅಂಟಿಕೊಳ್ಳುವುದು. ಎಂಸಿಬಿಯನ್ನು, ಎಂಸಿಬಿಗೆ, ಎಂಸಿಬಿಯಿಂದ ಎಂದು ಸರಾಗವಾಗಿ ಬರುತ್ತದೆ. ಇಂಗ್ಲಿಷ್ ಅಕ್ಷರದ ಬಾಲಕ್ಕೆ "ಯನ್ನು" ಅಂಟಿಸಿದರೆ ಕಣ್ಣಿಗೆ ಒಗ್ಗುವುದಿಲ್ಲ, ಸಾಲಿನ ಕೊನೆಯಲ್ಲಿ ಎರಡೂ ಬೇರೆಯಾಗಿ ಮುರಿದರಂತೂ ಓದುವವನು ತಡವರಿಸುತ್ತಾನೆ. ಅದಕ್ಕೇ ಇಂಗ್ಲಿಷ್ ಅಕ್ಷರ ಉಳಿಸುವಲ್ಲೆಲ್ಲ ನಾನು "RESET ಗುಂಡಿಯನ್ನು", "SPP ದೀಪಕ್ಕೆ" ಎಂದು ಪಕ್ಕದಲ್ಲಿ ಒಂದು ನಾಮಪದ ನಿಲ್ಲಿಸಿ ವಿಭಕ್ತಿಯನ್ನು ಅದರ ತಲೆಗೆ ಕಟ್ಟುತ್ತೇನೆ.

ಅಚ್ಚಿನ ಮನೆಗೆ ಹೋದ ಮೇಲೆ ಕಾಡುವುದು ಕಣ್ಣಿಗೆ ಕಾಣದ ಒಂದು ಅಕ್ಷರ. ಆರ್‌ಸಿಸಿಬಿ ಎಂದು ಬೆರಳಚ್ಚಿಸುವಾಗ ರ್ ಮತ್ತು ಸಿ ಕೂಡಿ ಒತ್ತಕ್ಷರವಾಗದಂತೆ ನಡುವೆ U+200C ಎಂಬ ಅಗಲವಿಲ್ಲದ ಅಕ್ಷರ ಹಾಕಬೇಕು. ಅದು ಬಿಟ್ಟುಹೋದರೆ ಆರ್ಸಿಸಿಬಿ ಎಂದಾಗಿ ಅರ್ಕಾವತ್ತು ಬಂದು ಕೂರುತ್ತದೆ, ಓದುವವನಿಗೆ ಅದು ಯಾವುದೋ ಊರಿನ ಹೆಸರಿನಂತೆ ಕಾಣುತ್ತದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಈ ಅಕ್ಷರ ಸದ್ದಿಲ್ಲದೆ ಉದುರಿಹೋಗುವುದುಂಟು. ಕೈಪಿಡಿಯ ಅರ್ಧ ಭಾಗದಲ್ಲಿ ಅದು ಇದ್ದು ಇನ್ನರ್ಧದಲ್ಲಿ ಇಲ್ಲದಿದ್ದರೆ, ಕಂಪ್ಯೂಟರಿನಲ್ಲಿ ಹುಡುಕಿದಾಗ ಅರ್ಧ ಜಾಗಗಳು ಸಿಗದೇ ಹೋಗಬಹುದು. ಕೊನೆಯ ಪ್ರೂಫಿನಲ್ಲಿ ನಾನು ಎರಡೂ ರೂಪ ಹುಡುಕಿ ನೋಡುತ್ತೇನೆ.

ಇಂಗ್ಲಿಷ್ ಬರಹದಲ್ಲಿ ಒಂದು ಶಿಸ್ತು ಇದೆ: ಮೊದಲ ಸಲ ಬಂದಾಗ ಬಿಡಿಸಿ ಹೇಳು, ಆಮೇಲೆ ಹ್ರಸ್ವರೂಪವನ್ನೇ ಬಳಸು. ಪ್ರಬಂಧಕ್ಕೆ ಇದು ಸರಿ. ಪಂಪ್‌ಸೆಟ್ ಕೈಪಿಡಿಯನ್ನು ಮೊದಲ ಪುಟದಿಂದ ಓದುವವರು ಯಾರೂ ಇಲ್ಲ. ಮೋಟಾರ್ ನಿಂತ ದಿನ, ಬೆಳೆ ಒಣಗುತ್ತಿರುವಾಗ, ನಡುವಿನ ಯಾವುದೋ ಒಂದು ಪುಟವನ್ನು ತೆರೆಯುತ್ತಾರೆ. ಅದೂ ಎಷ್ಟೋ ಸಲ ಮನೆಯಲ್ಲಿರುವ ಮಗಳು ಫೋನಿನಲ್ಲಿ ಓದಿ ಹೇಳುತ್ತಾಳೆ, ತೋಟದಲ್ಲಿ ಅಪ್ಪ ಪ್ಯಾನಲ್ ಮುಂದೆ ನಿಂತು ಕೇಳುತ್ತಾನೆ. ಎಂಟನೇ ಪುಟದಲ್ಲಿ ಬಿಡಿಸಿದ್ದು ಮೂವತ್ತನೇ ಪುಟದಲ್ಲಿ ಯಾರಿಗೂ ಉಪಯೋಗವಿಲ್ಲ. ದೋಷ ಪರಿಹಾರದ ಕೋಷ್ಟಕದಲ್ಲಿ, ಎಚ್ಚರಿಕೆಯ ಚೌಕದಲ್ಲಿ ಪ್ರತಿಸಲವೂ ಬಿಡಿಸಿಯೇ ಬರೆಯಬೇಕು, ಪುನರಾವರ್ತನೆಯಾದರೂ ಚಿಂತೆಯಿಲ್ಲ. ಪುಸ್ತಕದ ಕೊನೆಯಲ್ಲಿ ಶಬ್ದಕೋಶ ಕೊಡುವ ಬದಲು ಪ್ಯಾನಲ್ ಬಾಗಿಲಿನ ಒಳಬದಿಗೆ ಅಂಟಿಸುವ ಒಂದು ಹಾಳೆ ಕೊಟ್ಟರೆ ಇನ್ನೂ ಒಳ್ಳೆಯದು: ಎಡಕ್ಕೆ ಅಲ್ಲಿ ಅಚ್ಚಾಗಿರುವ ಅಕ್ಷರ, ಬಲಕ್ಕೆ ಅದು ಮಾಡುವ ಕೆಲಸ.

ಎಲ್ಲರ ಬಾಯಲ್ಲೂ ಇರುವ ಹ್ರಸ್ವರೂಪವನ್ನು ಹಾಗೇ ಬಿಡಬಹುದು ಎಂದೆನಲ್ಲ, ಅದಕ್ಕೆ ಒಂದು ಅಪವಾದ ಎಲ್‌ಸಿ. ಲೈನ್ ಮೇಲೆ ಕೆಲಸ ಮಾಡುವ ಮುನ್ನ ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಪಡೆಯಬೇಕು, ಅಂದರೆ ಆ ಮಾರ್ಗದ ವಿದ್ಯುತ್ ನಿಲ್ಲಿಸಿದ್ದೇವೆ, ನೀವು ಹಿಂತಿರುಗಿಸುವವರೆಗೆ ಹಾಯಿಸುವುದಿಲ್ಲ ಎಂಬ ಅನುಮತಿ. ಲೈನ್‌ಮ್ಯಾನ್‌ಗಳೆಲ್ಲ ಇದನ್ನು ಎಲ್‌ಸಿ ಎಂದೇ ಕರೆಯುತ್ತಾರೆ. ಅದನ್ನು ಮಾರ್ಗ ಮುಕ್ತಿ ಪತ್ರ ಎಂದು ಮಾಡುವ ಅಗತ್ಯವಿಲ್ಲ. ಆದರೆ "ಎಲ್‌ಸಿ ಆಯ್ತಾ?", "ಆಯ್ತು" ಎಂಬ ಮಾತಿನಲ್ಲಿ ಪಡೆದದ್ದಾಯಿತೋ ಹಿಂತಿರುಗಿಸಿದ್ದಾಯಿತೋ ಎಂಬುದು ಅಕ್ಷರದಲ್ಲೂ ಇಲ್ಲ, ಕ್ರಿಯಾಪದದಲ್ಲೂ ಇಲ್ಲ. ಸುರಕ್ಷತಾ ಸೂಚನೆಯನ್ನು ಕನ್ನಡಕ್ಕೆ ತರುವಾಗ ಎಲ್‌ಸಿ ಎಂಬ ಪದವನ್ನು ಇಟ್ಟುಕೊಂಡೇ, ಅದರ ಸುತ್ತ ನಡೆಯುವ ಕ್ರಿಯೆಯನ್ನು ಪೂರ್ತಿ ಹೇಳಬೇಕು: ಯಾವ ಮಾರ್ಗ, ಯಾರು ನಿಲ್ಲಿಸಿದರು, ಯಾರ ಹೆಸರಿಗೆ ಅನುಮತಿ, ಯಾರು ಹಿಂತಿರುಗಿಸಿದ ಮೇಲೆ ವಿದ್ಯುತ್ ಹಾಯಿಸುವುದು. ಕಾರ್ಖಾನೆಗಳ ಇಂಗ್ಲಿಷ್ ಕಾಗದದಲ್ಲಿ ಪಿಟಿಡಬ್ಲ್ಯು, ಅಂದರೆ ಪರ್ಮಿಟ್ ಟು ವರ್ಕ್ ಎಂದಿರುತ್ತದೆ. ಎರಡೂ ಕೆಲಸಕ್ಕೆ ಮುಂಚಿನ ಅನುಮತಿಯೇ ಆದರೂ ಅದನ್ನು ಎಲ್‌ಸಿ ಎಂದು ಬದಲಿಸಬಾರದು. ಕಾರ್ಖಾನೆಯ ಪರ್ಮಿಟ್ ವೆಲ್ಡಿಂಗ್‌ಗೂ ಇರುತ್ತದೆ, ತೊಟ್ಟಿಯೊಳಗೆ ಇಳಿಯುವುದಕ್ಕೂ ಇರುತ್ತದೆ. ಅಲ್ಲಿ ಎಲ್‌ಸಿ ಎಂದು ಓದಿದ ವಿದ್ಯುತ್ ಕೆಲಸಗಾರ ಲೈನ್ ನಿಂತಿದೆ ಎಂದು ನಂಬಿಬಿಡಬಹುದು.

ತೀರ್ಮಾನಗಳು ಸರಿಯಾದವೇ ಎಂದು ತಿಳಿಯಲು ಮೇಜಿನ ಮುಂದೆ ಕೂತು ಓದಿದರೆ ಸಾಲದು. ಕರಡನ್ನು ಪಂಪ್ ನಡೆಸುವವರ ಕೈಗೆ ಕೊಟ್ಟು, ಪ್ಯಾನಲ್ ಮುಂದೆ ನಿಂತು ಗಟ್ಟಿಯಾಗಿ ಓದಲು ಹೇಳಿ, ಪ್ರತಿ ಸೂಚನೆಗೂ ಬೆರಳಿಟ್ಟು ತೋರಿಸಲು ಹೇಳಬೇಕು. ಅರ್ಥವಾಯಿತೇ ಎಂದು ಮಾತ್ರ ಕೇಳಬಾರದು, ಹಾಗೆ ಕೇಳಿದರೆ ಮರ್ಯಾದೆಗೆ ಎಲ್ಲರೂ ಹೂಂ ಎನ್ನುತ್ತಾರೆ. ಓದುವಾಗ ನಾಲಿಗೆ ತಡವರಿಸಿದರೆ ಅಲ್ಲಿ ಲಿಪಿಯ ತೊಂದರೆ. ಓದಿದ್ದು ಸರಾಗ, ಬೆರಳು ಮಾತ್ರ ಗಾಳಿಯಲ್ಲಿ ನಿಂತಿತು ಎಂದರೆ ಫಲಕದ ಅಕ್ಷರ ಹಾಳೆಯಲ್ಲಿಲ್ಲ. ಬೆರಳು ಸರಿಯಾದ ಜಾಗಕ್ಕೆ ಹೋಗಿ ಕೈ ತಪ್ಪು ಕೆಲಸಕ್ಕೆ ಮುಂದಾದರೆ ಬಿಡಿಸಿ ಬರೆದದ್ದೇ ತಪ್ಪು.

ಇಷ್ಟೆಲ್ಲ ಆದ ಮೇಲೂ ಕಂಪನಿ ಪ್ಯಾನಲ್‌ನ ಹೊಸ ಮಾದರಿ ತರುತ್ತದೆ. ಹಳೆಯದರಲ್ಲಿ ಓವರ್‌ಲೋಡ್ ಆದಾಗ ಪರದೆಯ ಮೇಲೆ OL ಎಂದು ಬರುತ್ತಿತ್ತು, ಹೊಸದರಲ್ಲಿ E03 ಎಂದು ಬರುತ್ತದೆ ಎಂದುಕೊಳ್ಳಿ. ಇಂಗ್ಲಿಷ್ ಕೈಪಿಡಿ ಬದಲಾಗುತ್ತದೆ, ಕನ್ನಡದ್ದು ಹಳೆಯದೇ ಪೆಟ್ಟಿಗೆಯೊಳಗೆ ಹೋಗುತ್ತದೆ. ಅದಕ್ಕೇ ಇಂಗ್ಲಿಷ್ ಅಕ್ಷರದಲ್ಲಿ ಉಳಿಸಿದವುಗಳನ್ನೆಲ್ಲ ನಾನು ಒಂದು ಪಟ್ಟಿ ಮಾಡಿ, ಮಾದರಿ ಸಂಖ್ಯೆಯನ್ನು ಮೇಲೆ ಬರೆದು ಕಂಪನಿಗೆ ಕೊಡುತ್ತೇನೆ. ಮಾದರಿ ಬದಲಾದಾಗ ಅವರು ಇಡೀ ಪುಸ್ತಕ ಓದಬೇಕಾಗಿಲ್ಲ, ಆ ಪಟ್ಟಿಯನ್ನು ಹಿಡಿದು ಹೊಸ ಪ್ಯಾನಲ್ ಮುಂದೆ ನಿಂತರೆ ಸಾಕು.